ನಾಳೆ ನಿಫ್ಟಿ ಏರುವುದೇ, ಇಳಿಯುವುದೇ: ಫೀಚರ್ ಸೋರಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಿಫ್ಟಿ 50 ಸೂಚ್ಯಂಕ ಮರುದಿನ ಏರುತ್ತದೆಯೋ ಇಳಿಯುತ್ತದೆಯೋ ಎಂಬುದನ್ನು ಮಷೀನ್ ಲರ್ನಿಂಗ್ ಮೂಲಕ ಅಂದಾಜು ಮಾಡಲು ಹೊರಟವರು ಈ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಉತ್ತರಗಳೆಲ್ಲ ದಿನಕ್ಕೊಂದು ಸಾಲಿರುವ ಡೇಟಾವನ್ನು ಗಮನದಲ್ಲಿಟ್ಟುಕೊಂಡಿವೆ.

ಫೀಚರ್ ಸೋರಿಕೆ ಎಂದರೆ ನಿಖರವಾಗಿ ಏನು?

ನಿರ್ಧಾರ ತೆಗೆದುಕೊಳ್ಳುವ ಗಳಿಗೆಯಲ್ಲಿ ಯಾರ ಕೈಗೂ ಸಿಕ್ಕಿರಲು ಸಾಧ್ಯವಿಲ್ಲದ ಮಾಹಿತಿ ಫೀಚರ್‌ಗಳ, ಅಂದರೆ ಮಾಡೆಲ್‌ಗೆ ಕೊಡುವ ಅಂಕಿಗಳ, ಒಳಗೆ ಸೇರಿಕೊಂಡಿದ್ದರೆ ಅದನ್ನು ಸೋರಿಕೆ ಎನ್ನುತ್ತೇವೆ. ಈ ಮಾತಿನಲ್ಲಿ ಹೆಚ್ಚಿನವರು ಗಮನಿಸದೆ ಬಿಡುವುದು ‘ಗಳಿಗೆ’ ಎಂಬ ಪದವನ್ನು. ಡೇಟಾದ ಪ್ರತಿ ಸಾಲಿಗೂ ಒಂದು ದಿನಾಂಕ ಇರುತ್ತದೆ, ಆದರೆ ದಿನಾಂಕ ಬೇರೆ, ಸಮಯ ಬೇರೆ. ಒಂದೇ ದಿನಾಂಕ ಹೊತ್ತ ಎರಡು ಅಂಕಿಗಳಲ್ಲಿ ಒಂದು ಮಧ್ಯಾಹ್ನ 12 ಗಂಟೆಗೆ ತಿಳಿದಿದ್ದರೆ ಇನ್ನೊಂದು ನಡುರಾತ್ರಿ ಕಳೆದ ಮೇಲೆ ತಿಳಿದಿರಬಹುದು. ಟೇಬಲ್‌ನಲ್ಲಿ ಅವೆರಡೂ ಅಕ್ಕಪಕ್ಕದ ಕಾಲಂಗಳಲ್ಲಿ ಕೂತಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಕೋಡ್ ಬರೆಯುವ ಮೊದಲೇ ಎರಡು ಸಮಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲನೆಯದು ನಿರ್ಧಾರದ ಸಮಯ. ಎರಡನೆಯದು ಮಾಡೆಲ್ ಊಹಿಸಬೇಕಾದ ಉತ್ತರ, ಅಂದರೆ ಟಾರ್ಗೆಟ್, ಯಾವ ಬೆಲೆಯಿಂದ, ಅಂದರೆ ಯಾವ ಕ್ಷಣದಿಂದ, ಶುರುವಾಗುತ್ತದೆ ಎಂಬುದು. ಪ್ರತಿ ಫೀಚರ್ ಮೊದಲನೆಯ ಸಮಯಕ್ಕಿಂತ ಮುಂಚೆಯೇ ತಿಳಿದಿರಬೇಕು, ಮತ್ತು ಟಾರ್ಗೆಟ್ ಅದರ ನಂತರವೇ ಶುರುವಾಗಬೇಕು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಈ ಎರಡು ಷರತ್ತುಗಳ ವಿವರಣೆಯೇ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣಸಿಗುವ ಸೋರಿಕೆ ಯಾವುದು?

ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಡೇಟಾವನ್ನು ನಿಫ್ಟಿಯ ಡೇಟಾಕ್ಕೆ ದಿನಾಂಕದ ಆಧಾರದ ಮೇಲೆ ಜೋಡಿಸುವುದು. ಎರಡೂ ಫೈಲ್‌ಗಳಲ್ಲಿ ದಿನಾಂಕದ ಕಾಲಂ ಇರುವುದರಿಂದ ಒಂದೇ ಸಾಲಿನ `merge` ಸಾಕಾಗುತ್ತದೆ, ಎಲ್ಲೂ ಎರರ್ ಬರುವುದಿಲ್ಲ, ಮತ್ತು ಮಾಡೆಲ್‌ನ ನಿಖರತೆ ಒಮ್ಮೆಲೇ ಮೇಲೇರುತ್ತದೆ.

ಗಡಿಯಾರ ಹಿಡಿದು ನೋಡೋಣ. ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ವಹಿವಾಟು ಬೆಳಿಗ್ಗೆ 9:15ಕ್ಕೆ ಶುರುವಾಗಿ ಮಧ್ಯಾಹ್ನ 3:30ಕ್ಕೆ ಮುಗಿಯುತ್ತದೆ. ನ್ಯೂಯಾರ್ಕಿನ ಪೇಟೆ ಅಲ್ಲಿಯ ಬೆಳಿಗ್ಗೆ 9:30ರಿಂದ ಸಂಜೆ 4ರವರೆಗೆ ನಡೆಯುತ್ತದೆ. ಅಲ್ಲಿ ಬೇಸಿಗೆ ಸಮಯ ಜಾರಿಯಲ್ಲಿದ್ದಾಗ ಅದು ನಮ್ಮ ಸಂಜೆ 7ರಿಂದ ನಡುರಾತ್ರಿ ಕಳೆದು 1:30ರವರೆಗೆ, ಉಳಿದ ತಿಂಗಳುಗಳಲ್ಲಿ ರಾತ್ರಿ 8ರಿಂದ 2:30ರವರೆಗೆ. ಅಂದರೆ ‘ಸೋಮವಾರ’ ಎಂಬ ಹೆಸರಿನ ಎಸ್ ಆ್ಯಂಡ್ ಪಿ ಮುಕ್ತಾಯ ನಮಗೆ ತಿಳಿಯುವುದು ಮಂಗಳವಾರದ ನಸುಕಿನಲ್ಲಿ, ಸೋಮವಾರದ ನಿಫ್ಟಿ ಮುಗಿದು ಸುಮಾರು ಹತ್ತು ಗಂಟೆ ಕಳೆದ ಮೇಲೆ.

ಆದರೆ ಮಂಗಳವಾರ ಬೆಳಿಗ್ಗೆ ಅದು ನಮಗೆ ಗೊತ್ತೇ ಇರುತ್ತದಲ್ಲ? ಹಾಗಿದ್ದ ಮೇಲೆ ಅದು ಸೋರಿಕೆ ಹೇಗಾಗುತ್ತದೆ?

ಬಹಳ ನ್ಯಾಯವಾದ ಪ್ರಶ್ನೆ ಇದು, ಮತ್ತು ಉತ್ತರ ಪೂರ್ತಿಯಾಗಿ ಟಾರ್ಗೆಟ್‌ನ ಮೇಲೆ ನಿಂತಿದೆ. ಒಂದು ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಊಹಿಸಿಕೊಂಡವು.

ಸೋಮವಾರ ನಿಫ್ಟಿ 24,000ಕ್ಕೆ ಮುಗಿಯಿತು ಎಂದುಕೊಳ್ಳಿ. ಆ ರಾತ್ರಿ ಎಸ್ ಆ್ಯಂಡ್ ಪಿ 500 ಶೇ 1.5ರಷ್ಟು ಏರಿತು. ಮಂಗಳವಾರ ಬೆಳಿಗ್ಗೆ ನಿಫ್ಟಿ 24,150ರಲ್ಲಿ ತೆರೆದುಕೊಂಡು, ದಿನವಿಡೀ ಸ್ವಲ್ಪ ಸ್ವಲ್ಪವೇ ಇಳಿದು, 24,090ಕ್ಕೆ ಮುಗಿಯಿತು.

ಹೆಚ್ಚಿನವರು ಬರೆಯುವ ಟಾರ್ಗೆಟ್ ಮುಕ್ತಾಯದಿಂದ ಮುಕ್ತಾಯಕ್ಕೆ ಅಳೆಯುತ್ತದೆ:

```python
df["target"] = (df["close"].shift(-1) > df["close"]).astype(int)
```

ಇದರ ಪ್ರಕಾರ ಸೋಮವಾರದ ಸಾಲಿನ ಉತ್ತರ 1, ಏಕೆಂದರೆ 24,090 ಎಂಬುದು 24,000ಕ್ಕಿಂತ ಹೆಚ್ಚು. ಅದೇ ಸಾಲಿನಲ್ಲಿ ಎಸ್ ಆ್ಯಂಡ್ ಪಿ ಶೇ 1.5 ಏರಿದ್ದೂ ಇದೆ. ಮಾಡೆಲ್ ಈ ಸಂಬಂಧವನ್ನು ಬೇಗನೆ ಕಲಿಯುತ್ತದೆ, ಏಕೆಂದರೆ ಸಂಬಂಧ ನಿಜವಾದದ್ದೇ: ರಾತ್ರಿಯ ಸುದ್ದಿಯನ್ನು ನಿಫ್ಟಿ ಬೆಳಿಗ್ಗೆ ತೆರೆಯುವಾಗಲೇ ಬೆಲೆಯೊಳಗೆ ಸೇರಿಸಿಕೊಳ್ಳುತ್ತದೆ. ಆದರೆ ಮಾಡೆಲ್ ಸರಿಯಾಗಿ ಹೇಳಿದ ಆ 150 ಅಂಶಗಳ ಏರಿಕೆ ನಡೆದದ್ದು ಪೇಟೆ ಮುಚ್ಚಿದ್ದಾಗ. 24,000ದಲ್ಲಿ ಕೊಳ್ಳಬೇಕಿದ್ದರೆ ಸೋಮವಾರ ಮಧ್ಯಾಹ್ನವೇ ಕೊಳ್ಳಬೇಕಿತ್ತು, ಆಗ ನ್ಯೂಯಾರ್ಕಿನ ಪೇಟೆ ಇನ್ನೂ ತೆರೆದೇ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಆ ಸುದ್ದಿಯನ್ನು ನೋಡಿ ಕೊಂಡವನಿಗೆ ಸಿಕ್ಕ ಬೆಲೆ 24,150, ದಿನದ ಕೊನೆಗೆ ಅವನಿಗೆ ಆದದ್ದು 60 ಅಂಶಗಳ ನಷ್ಟ. ಹಳೆಯ ಬೆಲೆಗಳ ಮೇಲೆ ಮಾಡೆಲನ್ನು ಓಡಿಸಿ ನೋಡುವ ಬ್ಯಾಕ್‌ಟೆಸ್ಟ್ ಮಾತ್ರ ಅದೇ ದಿನವನ್ನು 90 ಅಂಶಗಳ ಲಾಭವೆಂದು ಬರೆದುಕೊಂಡಿರುತ್ತದೆ.

ಹೀಗಾಗಿ ದಾರಿಗಳು ಎರಡೇ. ನಿರ್ಧಾರ ಸೋಮವಾರ ಮಧ್ಯಾಹ್ನ ಎಂದಾದರೆ ಟಾರ್ಗೆಟ್ ಮುಕ್ತಾಯದಿಂದ ಮುಕ್ತಾಯಕ್ಕೆ ಇರಬಹುದು, ಆದರೆ ಎಸ್ ಆ್ಯಂಡ್ ಪಿಯ ಕೊನೆಯ ಅಂಕಿ ಹಿಂದಿನ ಶುಕ್ರವಾರದ್ದಾಗಿರಬೇಕು. ನಿರ್ಧಾರ ಮಂಗಳವಾರ ಬೆಳಿಗ್ಗೆ ಎಂದಾದರೆ ಸೋಮವಾರದ ಎಸ್ ಆ್ಯಂಡ್ ಪಿಯನ್ನು ಧಾರಾಳವಾಗಿ ಬಳಸಬಹುದು, ಆದರೆ ಟಾರ್ಗೆಟ್ ಮಂಗಳವಾರದ ಆರಂಭಿಕ ಬೆಲೆಯಿಂದಲೇ ಅಳೆಯಬೇಕು. ಒಂದು ದಾರಿಯ ಫೀಚರ್ ತೆಗೆದುಕೊಂಡು ಇನ್ನೊಂದು ದಾರಿಯ ಟಾರ್ಗೆಟ್‌ಗೆ ಜೋಡಿಸಿದಾಗ ಸೋರಿಕೆ ಹುಟ್ಟುತ್ತದೆ. ನಾನು ಮೊದಲ ಬಾರಿ ಮಾಡಿದ್ದೂ ಇದೇ ತಪ್ಪು. ಟಾರ್ಗೆಟನ್ನು ಆರಂಭಿಕ ಬೆಲೆಯಿಂದ ಅಳೆಯುವಂತೆ ಬದಲಿಸಿದ ದಿನ ಆ ಮಾಡೆಲ್‌ನ ಗುಣವೆಲ್ಲ ಒಂದೇ ರನ್‌ನಲ್ಲಿ ಕರಗಿಹೋಯಿತು, ಮತ್ತು ಅಂದಿನಿಂದ ನಾನು ದಿನಾಂಕದ ಮೇಲೆ `merge` ಮಾಡುವುದನ್ನೇ ಬಿಟ್ಟಿದ್ದೇನೆ.

ಬೇರೆ ದೇಶಗಳ ಸೂಚ್ಯಂಕಗಳಿಗೂ ಇದೇ ತೊಂದರೆ ಇದೆಯೇ?

ಪೂರ್ವಕ್ಕಿರುವ ಜಪಾನಿನ ಪೇಟೆ ನಮ್ಮ ಮಧ್ಯಾಹ್ನದ ಹೊತ್ತಿಗೇ ಮುಗಿದಿರುತ್ತದೆ, ಆದ್ದರಿಂದ ನಿಕ್ಕೈ ಸೂಚ್ಯಂಕದ ಅದೇ ದಿನದ ಮುಕ್ತಾಯವನ್ನು 3:30ಕ್ಕೆ ಬಳಸಬಹುದು. ಲಂಡನ್ ಪೇಟೆ ಮುಗಿಯುವುದು ನಮ್ಮ ರಾತ್ರಿ 9 ಅಥವಾ 10ಕ್ಕೆ, ಆದ್ದರಿಂದ ಅದಕ್ಕೆ ಅಮೆರಿಕದ ನಿಯಮವೇ ಅನ್ವಯಿಸುತ್ತದೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ವಹಿವಾಟಾಗುವ ನಿಫ್ಟಿ ಫ್ಯೂಚರ್ಸ್ ಆದ ಗಿಫ್ಟ್ ನಿಫ್ಟಿಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅದರ ಎರಡನೆಯ ಅವಧಿ ನಡುರಾತ್ರಿ ಕಳೆದು 2:45ರವರೆಗೂ ನಡೆಯುತ್ತದೆ. ಅದರ ದಿನದ ಮುಕ್ತಾಯ ಎಂದು ಡೇಟಾ ಕೊಡುವವರು ಯಾವ ಅವಧಿಯ ಬೆಲೆಯನ್ನು ಬರೆದಿದ್ದಾರೆ ಎಂದು ನೋಡದೆ ಅದನ್ನು ಮುಟ್ಟಬಾರದು.

ಹಾಗಾದರೆ ಸರಿಯಾಗಿ ಜೋಡಿಸುವುದು ಹೇಗೆ?

ಪ್ರತಿ ಮೂಲಕ್ಕೂ ‘ತಿಳಿದ ಸಮಯ’ ಎಂಬ ಕಾಲಂ ಸೇರಿಸಿ, ನಿಫ್ಟಿಯ ಪ್ರತಿ ಸಾಲಿಗೂ ‘ನಿರ್ಧಾರದ ಸಮಯ’ ಎಂಬ ಕಾಲಂ ಸೇರಿಸಿ, ನಿರ್ಧಾರಕ್ಕಿಂತ ಹಿಂದೆ ತಿಳಿದ ಕೊನೆಯ ಅಂಕಿಯನ್ನು ಮಾತ್ರ ತೆಗೆದುಕೊಳ್ಳಬೇಕು. ಪಾಂಡಾಸ್‌ನಲ್ಲಿ ಇದಕ್ಕೆಂದೇ ಒಂದು ಫಂಕ್ಷನ್ ಇದೆ:

```python
us["known_at"] = us["close_time_ny"].dt.tz_convert("Asia/Kolkata")

df = pd.merge_asof(
    nifty.sort_values("decide_at"),
    us.sort_values("known_at"),
    left_on="decide_at", right_on="known_at",
    direction="backward", allow_exact_matches=False,
)
```

ಇಲ್ಲಿ `close_time_ny` ಎಂಬುದು ನ್ಯೂಯಾರ್ಕಿನ ಟೈಮ್‌ಝೋನ್ ಹೊತ್ತಿರಬೇಕು, ಮತ್ತು `decide_at` ಕೂಡ ಕೋಲ್ಕತ್ತಾ ಟೈಮ್‌ಝೋನಿನಲ್ಲೇ ಇರಬೇಕು. ಬೇಸಿಗೆ ಸಮಯದ ಒಂದು ಗಂಟೆಯ ಬದಲಾವಣೆಯನ್ನು `tz_convert` ತಾನೇ ನೋಡಿಕೊಳ್ಳುತ್ತದೆ, ಕೈಯಾರೆ 9:30 ಗಂಟೆ ಕೂಡಿಸಲು ಹೋಗಬಾರದು.

ರಜೆಯ ದಿನಗಳಲ್ಲಿ ಒಂದು ಸೂಕ್ಷ್ಮವಿದೆ. ಇಲ್ಲಿ ಮಂಗಳವಾರ ರಜೆ ಇದ್ದು ಅಮೆರಿಕದಲ್ಲಿ ವಹಿವಾಟು ನಡೆದಿದ್ದರೆ, ಬುಧವಾರ ಬೆಳಿಗ್ಗೆಯ ಹೊತ್ತಿಗೆ ಅಲ್ಲಿ ಎರಡು ದಿನಗಳ ಏರಿಳಿತ ಸೇರಿಕೊಂಡಿರುತ್ತದೆ. ಮೊದಲೇ ಶೇಕಡಾ ಬದಲಾವಣೆ ಲೆಕ್ಕ ಹಾಕಿ ಆಮೇಲೆ ಜೋಡಿಸಿದರೆ ಒಂದು ದಿನದ ಬದಲಾವಣೆ ಕಳೆದುಹೋಗುತ್ತದೆ. ಆದ್ದರಿಂದ ಮುಕ್ತಾಯದ ಮಟ್ಟವನ್ನು ಮೊದಲು ಜೋಡಿಸಿ, ಬದಲಾವಣೆಯನ್ನು ನಿಫ್ಟಿಯ ಸಾಲುಗಳ ನಡುವೆಯೇ ಲೆಕ್ಕ ಹಾಕುವುದು ಒಳ್ಳೆಯದು. ಇದು ಸೋರಿಕೆಯಲ್ಲ, ಆದರೆ ಇದೇ ಜಾಗದಲ್ಲಿ ಆಗುವ ತಪ್ಪು.

ನಮ್ಮ ದೇಶದ್ದೇ ಆದ ಅಂಕಿಗಳಲ್ಲಿ ಇಂತಹವು ಇವೆಯೇ?

ಎರಡನ್ನು ಹೇಳಲೇಬೇಕು. ವಿದೇಶಿ ಹೂಡಿಕೆದಾರರು ಅಂದು ಎಷ್ಟು ಕೊಂಡರು, ಎಷ್ಟು ಮಾರಿದರು ಎಂಬ ಅಂಕಿ ಪೇಟೆ ಮುಚ್ಚಿದ ಮೇಲೆ ಸಂಜೆಯ ಹೊತ್ತಿಗೆ ಪ್ರಕಟವಾಗುತ್ತದೆ, ಆದರೆ ಫೈಲ್‌ನಲ್ಲಿ ಅಂದಿನ ದಿನಾಂಕವನ್ನೇ ಹೊತ್ತಿರುತ್ತದೆ. ಮಧ್ಯಾಹ್ನ ನಿರ್ಧಾರ ತೆಗೆದುಕೊಳ್ಳುವ ಮಾಡೆಲ್‌ಗೆ ಅದನ್ನು ಒಂದು ದಿನ ತಡಮಾಡಿ ಕೊಡಬೇಕು. ಜೊತೆಗೆ ಸಂಜೆ ಸಿಗುವುದು ತಾತ್ಕಾಲಿಕ ಅಂಕಿ. ಡಿಪಾಸಿಟರಿಯಿಂದ ಆಮೇಲೆ ಬರುವ ಅಂಕಿ ಅದಕ್ಕಿಂತ ಬೇರೆಯಾಗಿರುತ್ತದೆ. ಹಳೆಯ ಇತಿಹಾಸವನ್ನು ಅಂತಿಮ ಅಂಕಿಗಳಿಂದ ಕಟ್ಟಿ, ನಿತ್ಯದ ಬಳಕೆಗೆ ತಾತ್ಕಾಲಿಕ ಅಂಕಿ ಕೊಟ್ಟರೆ, ಮಾಡೆಲ್ ಕಲಿತದ್ದು ಒಂದು, ಕಾಣುವುದು ಇನ್ನೊಂದು.

ಎರಡನೆಯದು ಮುಕ್ತಾಯ ಬೆಲೆಯೇ. ನಮ್ಮಲ್ಲಿ ವರ್ಷಗಳಿಂದ ನಡೆದುಕೊಂಡು ಬಂದ ಪದ್ಧತಿಯಲ್ಲಿ ಷೇರಿನ ಅಧಿಕೃತ ಮುಕ್ತಾಯ ಬೆಲೆ ಎಂದರೆ ಕೊನೆಯ ವಹಿವಾಟಿನ ಬೆಲೆಯಲ್ಲ, 3ರಿಂದ 3:30ರವರೆಗಿನ ಅರ್ಧ ಗಂಟೆಯ ವಹಿವಾಟುಗಳ ತೂಕದ ಸರಾಸರಿ. ಆ ಬೆಲೆಯನ್ನು ಫೀಚರ್‌ನಲ್ಲಿ ಬಳಸಿ, ಅದೇ ಬೆಲೆಗೆ ಕೊಂಡೆ ಎಂದು ಬ್ಯಾಕ್‌ಟೆಸ್ಟ್‌ನಲ್ಲಿ ಬರೆಯುವುದು ಸಾಧ್ಯವಿಲ್ಲದ್ದನ್ನು ಬರೆದಂತೆ, ಏಕೆಂದರೆ ಆ ಸರಾಸರಿ ತಿಳಿಯುವ ಹೊತ್ತಿಗೆ ಆ ಅರ್ಧ ಗಂಟೆ ಕಳೆದುಹೋಗಿರುತ್ತದೆ. 3:20ಕ್ಕೆ ನಿರ್ಧಾರ ಎಂದಾದರೆ 3:15ರವರೆಗಿನ ನಿಮಿಷವಾರು ಬೆಲೆಗಳಿಂದ ಫೀಚರ್ ಕಟ್ಟಬೇಕು. ಅಂತಹ ಡೇಟಾ ಕೈಯಲ್ಲಿಲ್ಲದಿದ್ದರೆ ನಿರ್ಧಾರವನ್ನು ಮರುದಿನ ಬೆಳಿಗ್ಗೆಗೆ ಮುಂದೂಡುವುದೇ ಸುಲಭ ಮತ್ತು ಪ್ರಾಮಾಣಿಕ ಮಾರ್ಗ.

ಪೂರ್ತಿ ಡೇಟಾದ ಮೇಲೆ ಸ್ಕೇಲಿಂಗ್ ಮಾಡಿದರೆ ನಿಜಕ್ಕೂ ಅಷ್ಟು ತೊಂದರೆಯೇ?

ಯಾವುದನ್ನು ಸ್ಕೇಲ್ ಮಾಡುತ್ತೀರಿ ಎಂಬುದರ ಮೇಲಿದೆ. ದಿನದ ಶೇಕಡಾ ಬದಲಾವಣೆಗಳ ಸರಾಸರಿ ಮತ್ತು ವಿಚಲನೆಯನ್ನು ಇಡೀ ಅವಧಿಯಿಂದ ಲೆಕ್ಕ ಹಾಕಿದರೆ ತಪ್ಪು ತಪ್ಪೇ, ಆದರೆ ಫಲಿತಾಂಶ ಸಾಮಾನ್ಯವಾಗಿ ಹೆಚ್ಚು ಬದಲಾಗುವುದಿಲ್ಲ. ಬೆಲೆಯ ಮಟ್ಟವನ್ನೇ `MinMaxScaler`ಗೆ ಕೊಟ್ಟರೆ ಕಥೆ ಬೇರೆ. ಇಡೀ ಇತಿಹಾಸದ ಅತ್ಯಧಿಕ ಮುಕ್ತಾಯ ಬೆಲೆ 1.0 ಆಗುತ್ತದೆ. ಯಾವ ದಿನದ ಮುಂದೆ 1.0 ಎಂದು ಬರೆದಿದೆಯೋ ಅದರ ಮರುದಿನ ನಿಫ್ಟಿ ಅದಕ್ಕಿಂತ ಮೇಲೆ ಮುಗಿಯಲು ಸಾಧ್ಯವೇ ಇಲ್ಲ, ಏಕೆಂದರೆ ಹಾಗೆ ಮುಗಿದಿದ್ದರೆ ಮರುದಿನವೇ 1.0 ಆಗುತ್ತಿತ್ತು. 0.98, 0.99ರ ಸುತ್ತಲಿನ ದಿನಗಳಿಗೂ ಇದೇ ಸುಳಿವು ಸ್ವಲ್ಪ ಮಸುಕಾಗಿ ಅಂಟಿಕೊಂಡಿರುತ್ತದೆ. ಬೆಲೆಯ ಮಟ್ಟವನ್ನು ಫೀಚರ್ ಆಗಿ ಬಳಸದಿರುವುದು, ಸ್ಕೇಲರನ್ನು `Pipeline`ನ ಒಳಗಿಟ್ಟು ಟ್ರೈನಿಂಗ್ ಭಾಗದ ಮೇಲೆ ಮಾತ್ರ `fit` ಮಾಡುವುದು, ಇವೆರಡೂ ಬೇಕು.

ಬಿಡಿ ಷೇರುಗಳಲ್ಲಿ ಬೆಲೆಯ ಮಟ್ಟಕ್ಕೆ ಇನ್ನೊಂದು ದೋಷವಿದೆ. ಬೆಂಗಳೂರಿನ ಇನ್ಫೋಸಿಸ್ 2014, 2015 ಮತ್ತು 2018ರಲ್ಲಿ ಒಂದಕ್ಕೆ ಒಂದರಂತೆ ಬೋನಸ್ ಷೇರು ಕೊಟ್ಟಿತು. ಆದ್ದರಿಂದ ಇಂದು ಇಳಿಸಿಕೊಂಡ ಹೊಂದಾಣಿಕೆ ಮಾಡಿದ ಬೆಲೆಗಳಲ್ಲಿ, 2014ರ ಆ ಬೋನಸ್‌ಗೆ ಮುಂಚಿನ ದಿನಗಳ ಬೆಲೆ ಅಂದು ಪರದೆಯ ಮೇಲೆ ಕಂಡದ್ದರ ಎಂಟನೇ ಒಂದು ಭಾಗ. ‘ಬೆಲೆ 500ಕ್ಕಿಂತ ಕಡಿಮೆ’ ಎಂಬಂತಹ ಫೀಚರ್ ಅಲ್ಲಿ ಮುಂದೆ ಬರಲಿರುವ ಬೋನಸ್‌ಗಳನ್ನು ಮೊದಲೇ ಹೇಳಿಬಿಡುತ್ತದೆ. ಎರಡು ಬೆಲೆಗಳ ಅನುಪಾತದಿಂದ ಕಟ್ಟಿದ ಫೀಚರ್‌ಗಳಿಗೆ ಈ ತೊಂದರೆ ಇಲ್ಲ.

ಕ್ರಾಸ್ ವ್ಯಾಲಿಡೇಶನ್‌ನಲ್ಲಿ ಸಾಲುಗಳನ್ನು ಕಲಸಬಾರದು ಎನ್ನುತ್ತಾರೆ. ಏಕೆ?

ಕಲಸಿದರೆ 2023ನ್ನು ಕಲಿತ ಮಾಡೆಲ್ 2020ನ್ನು ಊಹಿಸುತ್ತದೆ. ಟಾರ್ಗೆಟ್ ಐದು ದಿನಗಳ ಬದಲಾವಣೆಯಾಗಿದ್ದರೆ ಪಕ್ಕಪಕ್ಕದ ಸಾಲುಗಳ ಉತ್ತರಗಳು ನಾಲ್ಕು ದಿನಗಳಷ್ಟು ಒಂದೇ ಆಗಿರುವುದರಿಂದ ಹಾನಿ ದೊಡ್ಡದು. ಒಂದೇ ದಿನದ ಟಾರ್ಗೆಟ್‌ನಲ್ಲಿ ಆ ಅತಿಕ್ರಮಣ ಇಲ್ಲ, ಹಾಗಾಗಿ ಹಾನಿ ಕಡಿಮೆ, ಆದರೆ ಇಲ್ಲವೆಂದಲ್ಲ: 2020ರ ಮಾರ್ಚ್‌ನಂತಹ ಕುಸಿತದ ಅರ್ಧ ದಿನಗಳು ಟ್ರೈನಿಂಗ್‌ನಲ್ಲಿದ್ದರೆ ಉಳಿದರ್ಧವನ್ನು ಊಹಿಸುವುದು ಸುಲಭವಾಗುತ್ತದೆ. ಸೈಕಿಟ್ ಲರ್ನ್‌ನ `TimeSeriesSplit` ಬಳಸಿ, ಒಂದೇ ದಿನದ ಟಾರ್ಗೆಟ್‌ಗೆ `gap=1` ಇಟ್ಟರೆ ಸಾಕು.

ನನ್ನ ಮಾಡೆಲ್‌ನಲ್ಲಿ ಸೋರಿಕೆ ಇದೆಯೇ ಎಂದು ತಿಳಿಯುವುದು ಹೇಗೆ?

ಮೊದಲ ಗುರುತು ಫಲಿತಾಂಶವೇ. 500 ದಿನಗಳ ಟೆಸ್ಟ್‌ನಲ್ಲಿ ಬರಿಯ ನಾಣ್ಯ ಚಿಮ್ಮಿದರೂ ನಿಖರತೆ ಶೇ 50ರ ಸುತ್ತ ಸುಮಾರು 4.4 ಅಂಶ ಆಚೀಚೆ ಓಲಾಡುತ್ತದೆ. ಹಾಗಾಗಿ ಶೇ 53 ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ, ಅದರಲ್ಲೂ ಪ್ರತಿದಿನ ‘ಏರುತ್ತದೆ’ ಎಂದೇ ಹೇಳಿದರೆ ಎಷ್ಟು ಬರುತ್ತದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದಾಗ. ಶೇ 70 ಬಂದರೆ ಸಂತೋಷಪಡುವ ಮೊದಲು ಸೋರಿಕೆ ಹುಡುಕಬೇಕು. ಜಗತ್ತಿನ ಅತ್ಯಂತ ಹೆಚ್ಚು ಗಮನಿಸಲ್ಪಡುವ ಬೆಲೆಗಳಲ್ಲಿ ಒಂದರ ದಿಕ್ಕು ಸಾರ್ವಜನಿಕ ಅಂಕಿಗಳಿಂದ ಹತ್ತರಲ್ಲಿ ಏಳು ಬಾರಿ ಗೊತ್ತಾಗುವಂತಿದ್ದರೆ, ಆ ಅಂಕಿ ಬಂದ ಕೂಡಲೇ ಬೆಲೆ ಅದನ್ನು ನುಂಗಿಬಿಡುತ್ತಿತ್ತು.

ಎರಡನೆಯದಾಗಿ, ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ: ಭವಿಷ್ಯವನ್ನು ಕತ್ತರಿಸಿ ನೋಡುವುದು. ಒಂದು ದಿನದವರೆಗಿನ ಡೇಟಾದಿಂದ ಕಟ್ಟಿದ ಫೀಚರ್‌ಗಳೂ ಪೂರ್ತಿ ಡೇಟಾದಿಂದ ಕಟ್ಟಿದ ಫೀಚರ್‌ಗಳೂ ಆ ದಿನದವರೆಗೆ ಒಂದೇ ಆಗಿರಬೇಕು.

```python
full = make_features(raw)
for t in raw.index[300::50]:
    part = make_features(raw.loc[:t])
    pd.testing.assert_frame_equal(part, full.loc[:t])
```

`rolling(20, center=True)`, ಕತ್ತರಿಸಿದ ದಿನವೇ ಖಾಲಿ ಇದ್ದ ಜಾಗವನ್ನು ಮುಂದಿನ ಅಂಕಿಯಿಂದ ತುಂಬುವ `bfill()`, ತಪ್ಪಾಗಿ ಬರೆದ `pct_change(-1)`, ಪೂರ್ತಿ ಡೇಟಾದ ಸ್ಕೇಲಿಂಗ್, ಇವೆಲ್ಲ ಇಲ್ಲಿ ಸಿಕ್ಕಿಬೀಳುತ್ತವೆ. ಆದರೆ ಅಮೆರಿಕದ ಅಂಕಿಯ ಸೋರಿಕೆ ಇಲ್ಲಿ ಸಿಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಸೋಮವಾರದವರೆಗೆ ಎಂದು ಕತ್ತರಿಸಿದಾಗ ಸೋಮವಾರದ ದಿನಾಂಕ ಹೊತ್ತ ಎಸ್ ಆ್ಯಂಡ್ ಪಿ ಮುಕ್ತಾಯವೂ ಒಳಗೇ ಉಳಿಯುತ್ತದೆ. ದಿನಾಂಕದಿಂದಲ್ಲ, ‘ತಿಳಿದ ಸಮಯ’ದಿಂದ ಕತ್ತರಿಸಿದಾಗ ಮಾತ್ರ ಅದು ಹೊರಬೀಳುತ್ತದೆ.

ಮೂರನೆಯದಾಗಿ, ಒಂದೊಂದೇ ಮೂಲದ ಫೀಚರ್‌ಗಳನ್ನು ತೆಗೆದು ಮಾಡೆಲ್ ಮತ್ತೆ ಓಡಿಸಬೇಕು. ಒಂದನ್ನು ತೆಗೆದ ಕೂಡಲೇ ನಿಖರತೆ ನಾಣ್ಯದ ಮಟ್ಟಕ್ಕೆ ಬಿದ್ದರೆ, ಆ ಕಾಲಂನ ತಿಳಿದ ಸಮಯವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಇದು ಸಂಶಯಕ್ಕೆ ಕಾರಣವೇ ಹೊರತು ಸಾಕ್ಷ್ಯವಲ್ಲ.

ಉತ್ತರಗಳನ್ನು ಕಲಸಿ ಪರೀಕ್ಷಿಸಿದೆ, ನಿಖರತೆ ಶೇ 50ಕ್ಕೆ ಇಳಿಯಿತು. ಅಂದರೆ ಸೋರಿಕೆ ಇಲ್ಲ ತಾನೇ?

ಹಾಗೆ ಹೇಳಲಾಗದು. ಟಾರ್ಗೆಟ್ ಕಾಲಂ ಕಲಸಿದಾಗ ಫೀಚರ್‌ಗೂ ಉತ್ತರಕ್ಕೂ ಇರುವ ಎಲ್ಲ ಸಂಬಂಧ, ನ್ಯಾಯವಾದದ್ದೂ ಸೋರಿಕೆಯದ್ದೂ, ಒಟ್ಟಿಗೆ ಮುರಿಯುತ್ತದೆ. ಮರುದಿನದ ಬೆಲೆಯನ್ನೇ ಫೀಚರ್ ಆಗಿ ಕೊಟ್ಟಿದ್ದರೂ ಈ ಪರೀಕ್ಷೆ ಶೇ 50 ತೋರಿಸುತ್ತದೆ. ಈ ವಿಧಾನ ಬೇರೊಂದು ತಪ್ಪನ್ನು ಹಿಡಿಯುತ್ತದೆ: ನೂರಾರು ಫೀಚರ್‌ಗಳಲ್ಲಿ ಉತ್ತಮವಾದವನ್ನು ಟೆಸ್ಟ್ ಭಾಗವೂ ಸೇರಿದ ಪೂರ್ತಿ ಡೇಟಾದಿಂದ ಮೊದಲೇ ಆರಿಸಿಕೊಂಡಿದ್ದರೆ, ಕಲಸಿದ ಉತ್ತರಗಳ ಮೇಲೂ ನಿಖರತೆ ಶೇ 50ಕ್ಕಿಂತ ಸ್ಪಷ್ಟವಾಗಿ ಮೇಲಿರುತ್ತದೆ. ಅದಕ್ಕಾಗಿ, ಆಯ್ಕೆಯ ಹಂತವನ್ನೂ ಸೇರಿಸಿಕೊಂಡು, ಇದನ್ನು ಮಾಡಬೇಕು.

ಕೊನೆಯ ಸಾಲಿನ ಟಾರ್ಗೆಟ್ ಯಾವಾಗಲೂ 0 ಬರುತ್ತಿದೆ. ಇದೂ ಸೋರಿಕೆಯೇ?

ಅಲ್ಲ. ಕೊನೆಯ ದಿನಕ್ಕೆ ಮರುದಿನವಿಲ್ಲ, `shift(-1)` ಅಲ್ಲಿ `NaN` ಇಡುತ್ತದೆ, `NaN` ಜೊತೆಗಿನ ಹೋಲಿಕೆ `False` ಕೊಡುತ್ತದೆ. ಆ ಸಾಲನ್ನು ತೆಗೆದುಹಾಕಿ.

ಎಲ್ಲ ಪರೀಕ್ಷೆಗಳನ್ನೂ ದಾಟಿದ ಮೇಲೆ ಇನ್ನೇನು ಉಳಿಯುತ್ತದೆ?

ನಿತ್ಯದ ದಾಖಲೆ. ನೀವು ಆರಿಸಿಕೊಂಡ ನಿರ್ಧಾರದ ಸಮಯಕ್ಕೆ ಸರಿಯಾಗಿ ಪ್ರತಿದಿನ ಪ್ರೋಗ್ರಾಂ ಓಡಿಸಿ, ಆ ಕ್ಷಣದ ಎಲ್ಲ ಫೀಚರ್ ಮೌಲ್ಯಗಳನ್ನೂ ಮಾಡೆಲ್‌ನ ಉತ್ತರವನ್ನೂ ಒಂದು ಫೈಲ್‌ಗೆ ಬರೆದಿಡಿ. ತಿಂಗಳು ಕಳೆದ ಮೇಲೆ ಅದೇ ದಿನಗಳ ಫೀಚರ್‌ಗಳನ್ನು ಇತಿಹಾಸದ ಡೇಟಾದಿಂದ ಮತ್ತೆ ಕಟ್ಟಿ, ಎರಡನ್ನೂ ಕಾಲಂ ಕಾಲಂ ಹೋಲಿಸಿ. ಹಣ ಹಾಕುವ ಅಗತ್ಯವಿಲ್ಲ. ನಿಖರತೆಯ ಬಗ್ಗೆ ಇಪ್ಪತ್ತು ದಿನಗಳು ಏನನ್ನೂ ಹೇಳಲಾರವು, ಆದರೆ ಎರಡು ಫೈಲ್‌ಗಳ ಮೌಲ್ಯಗಳು ಹೊಂದುತ್ತವೆಯೇ ಎಂಬುದು ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಮಧ್ಯಾಹ್ನ ಓಡಿಸುವ ಮಾಡೆಲ್‌ನಲ್ಲಿ ಅಮೆರಿಕದ ಅಂದಿನ ಅಂಕಿಯ ಜಾಗ ಮೊದಲ ದಿನವೇ ಖಾಲಿ ಬರುತ್ತದೆ. ವಿದೇಶಿ ಹೂಡಿಕೆಯ ಅಂಕಿ ತಾತ್ಕಾಲಿಕದಿಂದ ಅಂತಿಮಕ್ಕೆ ಬದಲಾದದ್ದು ಕಾಣುತ್ತದೆ. 3:20ರ ಬೆಲೆಗೂ ಅಧಿಕೃತ ಮುಕ್ತಾಯಕ್ಕೂ ಇರುವ ಅಂತರ ದಿನದಿನವೂ ಕಾಣುತ್ತದೆ. ಯಾವ ಕಾಲಂ ಹೊಂದುವುದಿಲ್ಲವೋ ಅದನ್ನು ಇತಿಹಾಸದಲ್ಲೂ ತಡಮಾಡಿ ಕಟ್ಟಿ, ಮಾಡೆಲನ್ನು ಮೊದಲಿನಿಂದ ಕಲಿಸಬೇಕು.